ನೀಲಿ ಚೀಟಿಯ ಅರ್ಜಿ

ನಮ್ಮದು ಹಾಸಿಗೆ ಮಾಡುವ ಫ್ಯಾಕ್ಟರಿ. ಆಗ ನನ್ನ ಆಫೀಸಿಗೆ ಸುಣ್ಣಬಣ್ಣ ನಡೆಯುತ್ತಿತ್ತು. ಹಾಗಾಗಿ ಎಚ್‌ಆರ್ ವಿಭಾಗವನ್ನು, ಅಂದರೆ ನನ್ನನ್ನೂ ಒಂದು ಮೇಜನ್ನೂ ಫೈಲುಗಳ ಬೀರುವನ್ನೂ, ಹಾಸಿಗೆಗಳನ್ನು ಪರೀಕ್ಷಿಸುವ ಕೋಣೆಗೆ ಸಾಗಹಾಕಿದ್ದರು. ಅಲ್ಲಿ ಗೋಡೆಯುದ್ದಕ್ಕೂ ಮಂಚಗಳು, ಮಂಚಗಳ ಮೇಲೆ ಮೆತ್ತಗಿನದು, ಗಟ್ಟಿಯಾದದ್ದು, ನಡುವಿನದು ಎಂದು ಬಗೆಬಗೆಯ ಹಾಸಿಗೆಗಳು. ಕಿಟಕಿಗೆ ತಿಳಿ ಪರದೆ. ಪಕ್ಕದ ವಿಭಾಗದಿಂದ ಹತ್ತಿಯ ನವಿರಾದ ಎಳೆಗಳು ತೇಲಿಬಂದು ಬಿಸಿಲಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದವು, ಬೀಳಬೇಕೆಂಬ ಆತುರವೇ ಅವಕ್ಕಿರಲಿಲ್ಲ. ಹೊಲಿಗೆ ಯಂತ್ರಗಳ ಸದ್ದು ಗೋಡೆ ದಾಟುವಷ್ಟರಲ್ಲಿ ಜೋಗುಳವಾಗಿ ಬಿಡುತ್ತಿತ್ತು. ಊಟವಾದ ಮೇಲೆ ಅಂಥ ಕೋಣೆಯಲ್ಲಿ ಕೂತು ಕಣ್ಣು ತೆರೆದಿರುವುದೇ ಒಂದು ಉದ್ಯೋಗ. ಅಲ್ಲಿ ನಾನು ಅರ್ಜಿಗಳನ್ನು ಓದಬೇಕಿತ್ತು.

ಬೇಕಾಗಿದ್ದವರು ಒಬ್ಬ ಎಚ್‌ಆರ್ ಜನರಲಿಸ್ಟ್. ಅಂದರೆ ಎಲ್ಲಕ್ಕೂ ಸಲ್ಲುವವರು. ಹಿಂದೆ ಇದ್ದವರು ಬೇರೆ ಕಡೆ ಹೋಗಿ ಆಗಿತ್ತು, ಅವರ ಕೆಲಸವೆಲ್ಲ ನನ್ನ ತಲೆ ಮೇಲೆ ಬಿದ್ದಿತ್ತು. ಜಾಹೀರಾತು ಬರೆದವಳು ನಾನೇ. ಮೂರು ವಿಷಯ ಕಡ್ಡಾಯ ಎಂದಿದ್ದೆ: ಕಾರ್ಮಿಕ ಕಾನೂನಿನ ತಿಳಿವಳಿಕೆ, ಸಂಬಳದ ಲೆಕ್ಕ ನಡೆಸಿದ ಅನುಭವ, ಉದ್ಯೋಗಿಗಳ ತಂಟೆ ತಕರಾರು ನಿಭಾಯಿಸಿದ್ದಕ್ಕೆ ಸಾಕ್ಷ್ಯ. ಆ ಕೊನೆಯ ಪದದ ಮೇಲೆ ನನಗೆ ವಿಪರೀತ ಮೋಹ. ‘ಜವಾಬ್ದಾರಿ ಹೊತ್ತಿದ್ದೆ’, ‘ಪಾಲ್ಗೊಂಡಿದ್ದೆ’, ‘ಉತ್ತಮ ಬಾಂಧವ್ಯ ಹೊಂದಿದ್ದೆ’ ಎಂದೆಲ್ಲ ಬರೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವೆಲ್ಲ ಹೇಳಿಕೆಗಳು. ಏನು ಮಾಡಿದೆ, ಹೇಗೆ ಮಾಡಿದೆ, ಅದರಿಂದ ಏನಾಯಿತು ಅನ್ನುವುದು ಸಾಕ್ಷ್ಯ. ಹೇಳಿಕೆಗೆ ಸೊನ್ನೆ, ಸಾಕ್ಷ್ಯಕ್ಕೆ ಅಂಕ, ಕೊಟ್ಟ ಅಂಕದ ಎದುರಿಗೆ ಕಾರಣ. ಕಾರಣ ಬರೆಯದ ಅಂಕ ಲೆಕ್ಕಕ್ಕಿಲ್ಲ. ಈ ಕಟ್ಟಳೆಯನ್ನೂ ಮಾಡಿದವಳು ನಾನೇ.

ನನ್ನ ಜೊತೆ ಓದುತ್ತಿದ್ದವರು ಸಂಬಳ ವಿಭಾಗದ ಮುಖ್ಯಸ್ಥರು. ಅವರನ್ನು ಇಡೀ ಫ್ಯಾಕ್ಟರಿ ದಶಾಂಶ ಸರ್ ಎಂದೇ ಕರೆಯುವುದು, ಅವರ ಎದುರಿಗೂ. ಒಬ್ಬರು ಓದಿದ್ದು ಇನ್ನೊಬ್ಬರಿಗೆ ಹೇಳದೆ ಬೇರೆಬೇರೆ ಅಂಕ ಹಾಕಿ, ಆಮೇಲೆ ಎದುರುಬದುರು ಕೂತು ತಾಳೆ ನೋಡುವುದು ನಮ್ಮ ಪದ್ಧತಿ. ಅರ್ಜಿದಾರರ ಹೆಸರು, ವಯಸ್ಸು, ಫೋಟೋಗಳ ಮೇಲೆ ರಿಸೆಪ್ಷನಿಸ್ಟ್ ಬಣ್ಣದ ಚೀಟಿ ಅಂಟಿಸಿ ಕೊಡುತ್ತಿದ್ದಳು. ಹಾಗಾಗಿ ನಮಗೆ ಅವರು ಬರೀ ಹಳದಿ, ಹಸಿರು, ನೀಲಿ.

ಹಳದಿ ಅರ್ಜಿ ನೋಡಲು ಬಲು ಚೆಂದ. ಕಾನೂನುಗಳ ಹೆಸರೆಲ್ಲ ಸಾಲಾಗಿ ನಿಂತಿದ್ದವು, ಒಂದನ್ನಾದರೂ ಯಾವತ್ತು ಬಳಸಿದರು ಎಂಬುದಿರಲಿಲ್ಲ. ‘ಸಂಬಳದ ಸಂಪೂರ್ಣ ನಿರ್ವಹಣೆ’ ಎಂದಿದ್ದ ಕಡೆ ಸರಿಯಾಗಿ ನೋಡಿದರೆ, ಹಾಜರಿ ಒಟ್ಟು ಮಾಡಿ ಹೊರಗಿನ ಏಜೆನ್ಸಿಗೆ ಕಳಿಸುತ್ತಿದ್ದರು, ಅಷ್ಟೇ. ಆದರೆ ಉದ್ಯೋಗಿ ಸಂಬಂಧದ ಕಡೆ ಎಷ್ಟು ಎಚ್ಚರಿಕೆ ಪತ್ರ ಕೊಟ್ಟರು, ಎಷ್ಟು ವಿಚಾರಣೆ ಮುಗಿಸಿದರು ಎಂಬ ವಿವರ ಭರ್ಜರಿಯಾಗಿತ್ತು. ಹಸಿರು ಅರ್ಜಿಯವರಿಗೆ ಸಂಬಳದ ಲೆಕ್ಕ ನೀರು ಕುಡಿದಷ್ಟು ಸುಲಭ, ಮನುಷ್ಯರ ಸುದ್ದಿಯೇ ಇಲ್ಲ.

ನೀಲಿ ಅರ್ಜಿ ಎತ್ತಿಕೊಂಡಾಗ ನನಗೆ ಅರೆನಿದ್ದೆ. ಓದುತ್ತಾ ಓದುತ್ತಾ ಎಚ್ಚರವಾಯಿತು. ಕೆಲಸದ ಅವಧಿಯ ಕಾನೂನು ಬದಲಾದಾಗ ಫ್ಯಾಕ್ಟರಿಯ ನಿಯಮಾವಳಿಯನ್ನು ತಿದ್ದಿ ಬರೆದು, ಕೆಲಸಗಾರರಿಗೆ ಅರ್ಥವಾಗುವ ಮಾತಿನಲ್ಲಿ ಗೇಟಿನ ಬಳಿ ಹಾಕಿದ್ದರು. ಕಾರ್ಮಿಕ ಇನ್‌ಸ್ಪೆಕ್ಟರ್ ತಪಾಸಣೆಗೆ ಬಂದು ಹೇಳಿದ ಕೊರತೆಗಳನ್ನೂ, ಅವನ್ನು ಸರಿಪಡಿಸಿದ ಬಗೆಯನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದರು. ಸಂಬಳದ ಹೊಸ ಸಾಫ್ಟ್‌ವೇರ್ ಬಂದಾಗ ಹಳೆಯದನ್ನೂ ಹೊಸದನ್ನೂ ಕೆಲವು ತಿಂಗಳು ಜೊತೆಜೊತೆಗೆ ಓಡಿಸಿ, ಓವರ್‌ಟೈಮ್ ಲೆಕ್ಕದಲ್ಲಿ ಬಂದ ವ್ಯತ್ಯಾಸವನ್ನು ಸಂಬಳದ ದಿನಕ್ಕೆ ಮೊದಲೇ ಹಿಡಿದಿದ್ದರು. ಇದನ್ನು ಓದುವಾಗ ದಶಾಂಶ ಸರ್ ಮುಖ ಹೇಗೆ ಅರಳಿರಬಹುದು ಎಂದುಕೊಂಡು ನಾನು ಒಬ್ಬಳೇ ನಕ್ಕೆ.

ಆಮೇಲೆ ಮೂರನೆಯ ಭಾಗ ಬಂತು. ಅಲ್ಲಿ ಒಂದೇ ಘಟನೆ ಇತ್ತು. ಗಾಜಿನ ಬಾಟಲಿ ಫ್ಯಾಕ್ಟರಿ. ಫರ್ನೇಸ್ ವಿಭಾಗದ ಕೆಲಸಗಾರರೊಬ್ಬರು ಪಾಳಿಯಲ್ಲಿ ನಿದ್ರಿಸಿದರೆಂಬ ಆರೋಪ. ವಿಚಾರಣೆ ನಡೆಯುವಂತೆ ನೋಡಿಕೊಂಡೆ, ಪ್ರಕರಣ ದಂಡನೆಯಿಲ್ಲದೆ ಮುಗಿಯಿತು, ಬಳಿಕ ಪಾಳಿಯ ಪಟ್ಟಿ ಬದಲಾಯಿತು ಎಂದು ಬರೆದಿದ್ದರು.

ನಮ್ಮ ಊರಿನ ಸುತ್ತಮುತ್ತ ಬಾಟಲಿ ಫ್ಯಾಕ್ಟರಿ ಇದ್ದದ್ದು ಒಂದೇ. ಅದರ ಫರ್ನೇಸ್ ವಿಭಾಗದಲ್ಲಿ ನನ್ನ ಅಣ್ಣ ಇದ್ದ.

ನಾನು ಕಾಲೇಜಿನಲ್ಲಿದ್ದಾಗ ಒಂದು ಬೆಳಗ್ಗೆ ಅಣ್ಣ ಮನೆಗೆ ಬಂದು ಊಟದ ಡಬ್ಬಿಯನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ಕೆಲಸ ಹೋಯಿತು ಎಂದ. ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ, ಆಫೀಸಿನ ಆ ಹೆಂಗಸು ವಿಚಾರಣೆ ಗಿಚಾರಣೆ ಅಂತ ಮಾಡಿದಳು ಎಂದ. ಅದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ, ಬಾಯಿಗೆ ಬೀಗ. ಅಮ್ಮ ಬದುಕಿರುವತನಕ ಆ ಹೆಂಗಸಿಗೆ ಹಿಡಿಶಾಪ ಹಾಕಿದಳು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಇದೇ ವೃತ್ತಿ ಹಿಡಿದೆ. ನನ್ನ ಅಣ್ಣನಂಥವರಿಗೆ ಹಾಗಾಗಬಾರದು ಎಂದು ಹಿಡಿದೆ. ಸಾಕ್ಷ್ಯ, ಸಾಕ್ಷ್ಯ ಎಂದು ಜೀವ ತಿನ್ನುವ ನನ್ನ ಗುಣವೂ ಅಲ್ಲಿಂದಲೇ ಬಂದದ್ದು. ಅಣ್ಣ ಅಂದಿನಿಂದ ಯಾರೆದುರಿಗೂ ನಿದ್ದೆ ಮಾಡಿದ್ದನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಎಲ್ಲರೂ ತೂಕಡಿಸುವಾಗ ಅವನೊಬ್ಬ ನೆಟ್ಟಗೆ ಕೂತಿರುತ್ತಾನೆ. ನಿನ್ನಣ್ಣ ಕೋಳಿ ಥರ, ಸಣ್ಣ ಸದ್ದಾದರೂ ಎದ್ದು ಕೂರುತ್ತಾರೆ ಎಂದು ಅತ್ತಿಗೆ ನಗುತ್ತಾಳೆ. ಅವನ ಕಣ್ಣು ಸದಾ ಕೆಂಪು. ಫರ್ನೇಸಿನ ಬೆಂಕಿ ನೋಡಿ ನೋಡಿ ಹಾಗಾಗಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಈಗ ಆ ಹೆಂಗಸು ಒಂದು ನೀಲಿ ಚೀಟಿಯ ಹಿಂದೆ ಅಡಗಿ ಕೂತು, ‘ದಂಡನೆಯಿಲ್ಲದೆ’ ಎಂದು ಬರೆದಿದ್ದಾಳೆ. ಎಂಥ ಸುಳ್ಳು. ಅಂಕದ ಹಾಳೆಯ ಮೂರನೆಯ ಮನೆಯಲ್ಲಿ ದೊಡ್ಡದಾಗಿ ಸೊನ್ನೆ ಸುತ್ತಿದೆ. ಕಡ್ಡಾಯವಾದ ಮೂರರಲ್ಲಿ ಒಂದಕ್ಕೆ ಸೊನ್ನೆ ಬಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ತಾಳೆ ನೋಡಲು ಕೂತಾಗ ದಶಾಂಶ ಸರ್ ತಮ್ಮ ಹಾಳೆ ಮುಂದಿಟ್ಟರು. ನೀಲಿಗೆ ಮೊದಲೆರಡರಲ್ಲಿ ಪೂರ್ತಿ, ಮೂರನೆಯದಕ್ಕೆ ಅರ್ಧ. ವಿಚಾರಣೆಯಲ್ಲಿ ಇವರ ಪಾತ್ರ ಎಷ್ಟು ಎಂದು ಬಿಡಿಸಿ ಬರೆದಿಲ್ಲ, ಆದರೆ ಪಾಳಿಪಟ್ಟಿ ಬದಲಾದದ್ದು ಫಲಿತಾಂಶವೇ, ಕರೆಸಿ ಕೇಳಬೇಕು ಎಂದು ಕಾರಣ ಬರೆದಿದ್ದರು. ನಾನೇ ತಿದ್ದಿ ತೀಡಿ ಕಲಿಸಿದ ರೀತಿ. ಅವರ ಬೆರಳು ನನ್ನ ಹಾಳೆಯ ಮೇಲೆ ಜಾರುತ್ತಾ ಬಂದು ಸೊನ್ನೆಯ ಹತ್ತಿರ ನಿಂತಿತು.

“ಕಾರಣ ಬರ್ದಿಲ್ಲ ಮೇಡಂ,” ಎಂದರು.

ನಾಳೆ ಬರೆಯುತ್ತೇನೆ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಹತ್ತಿಯ ಒಂದು ಎಳೆಯನ್ನು ಊದಿ ಓಡಿಸಿ, ಎದ್ದು ಹೋದರು.

ನನ್ನ ಕಾರಣ ಗಟ್ಟಿಯಾಗಿಯೇ ಇತ್ತು, ಆದರೆ ಬರೆಯಲು ಹೋದರೆ ಪೆನ್ನು ಮುಂದೆ ಸರಿಯಲಿಲ್ಲ. ‘ಈ ಅರ್ಜಿದಾರರು ನಮ್ಮಣ್ಣನನ್ನು ಕೆಲಸದಿಂದ ತೆಗೆದರು.’ ನೋಡಿದವರು ಯಾರು? ಗೊತ್ತಿಲ್ಲ. ತೆಗೆದ ಪತ್ರ ಕಂಡಿದ್ದೀಯಾ? ಇಲ್ಲ. ಅಣ್ಣನೇ ಹಾಗೆಂದನೇ? ಕೆಲಸ ಹೋಯಿತು ಎಂದ, ವಿಚಾರಣೆ ಎಂದ. ಉಳಿದದ್ದನ್ನು ಜೋಡಿಸಿಕೊಂಡವರು ಅಮ್ಮ ಮತ್ತು ನಾನು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ್ದು ಬರೀ ಹೇಳಿಕೆ. ಬೇರೆ ಯಾರಾದರೂ ಇಂಥದ್ದನ್ನು ನನ್ನ ಮೇಜಿಗೆ ತಂದಿದ್ದರೆ ಮುಲಾಜಿಲ್ಲದೆ ಸೊನ್ನೆ ಹಾಕಿ ಕಳಿಸುತ್ತಿದ್ದೆ.

ಸಂಜೆ ಅಣ್ಣನ ಅಂಗಡಿಗೆ ಹೋದೆ. ಅವನು ಬೀಗ ರಿಪೇರಿ ಮಾಡುತ್ತಾನೆ, ಕೀ ಮಾಡಿಕೊಡುತ್ತಾನೆ. ಗೋಡೆಯ ತುಂಬ ಹಲ್ಲಿಲ್ಲದ ಹೊಸ ಕೀಗಳು ನೇತಾಡುತ್ತಿದ್ದವು, ಗಾಳಿ ಬಂದಾಗ ಒಂದಕ್ಕೊಂದು ಪಿಸುಗುಟ್ಟುತ್ತಿದ್ದವು. ಬೀದಿಯಲ್ಲಿ ಆಗತಾನೇ ದೀಪ ಹತ್ತಿ, ಆಕಾಶದಲ್ಲಿ ಇನ್ನೂ ಬೆಳಕು ಉಳಿದಿದ್ದ ಹೊತ್ತು. ಯಾವ ಅರ್ಜಿ, ಯಾರದು ಎಂದು ನಾನು ಬಾಯಿ ಬಿಡುವ ಹಾಗಿರಲಿಲ್ಲ, ಬಿಡಲೂ ಇಲ್ಲ. ಗಿರಾಕಿ ಹೋಗುವತನಕ ಸ್ಟೂಲಿನ ಮೇಲೆ ಕೂತಿದ್ದು, ಬಾಟಲಿ ಫ್ಯಾಕ್ಟರಿಯಲ್ಲಿ ನಿನ್ನನ್ನು ತೆಗೆದದ್ದು ಯಾಕೆ ಎಂದು ನೇರವಾಗಿ ಕೇಳಿದೆ.

ಅವನು ಕೀ ಕೊರೆಯುವ ಯಂತ್ರ ನಿಲ್ಲಿಸಿದ. ಒಂದು ಕೀಯ ಅಂಚನ್ನು ಹೆಬ್ಬೆರಳಿನಿಂದ ಸವರಿದ.

“ತೆಗೀಲಿಲ್ಲ ಕಣೇ,” ಎಂದ. “ನಾನೇ ಬಿಟ್ಟೆ.”

ಆಮೇಲೆ ನಿಧಾನವಾಗಿ ಹೇಳಿದ. ನಡುನಡುವೆ ಅವನ ದನಿ ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು. ಆಗ ಫೋರ್‌ಮನ್ ಅವನನ್ನು ಒಂದು ಪಾಳಿ ಮುಗಿದ ಮೇಲೆ ಇನ್ನೊಂದು ಪಾಳಿಗೂ ನಿಲ್ಲಿಸಿಕೊಳ್ಳುತ್ತಿದ್ದ, ವಾರದ ರಜೆಯೂ ಇರಲಿಲ್ಲ. ಫರ್ನೇಸಿನಿಂದ ಕೆಂಪಗೆ ಬಾಟಲಿಗಳು ಸಾಲಾಗಿ ಬರುತ್ತಿದ್ದವಂತೆ, ಒಂದೇ ಸಮ, ಒಂದೇ ಸಮ. ನೋಡುತ್ತಾ ನೋಡುತ್ತಾ ಅವು ದೀಪ ಹಿಡಿದ ಜನರಂತೆ ಕಂಡವಂತೆ. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಅವರನ್ನು ಕೇಳಿದ್ದು ನೆನಪಿದೆಯಂತೆ. ನಿಂತಲ್ಲೇ ನಿದ್ದೆ ಹೋಗಿದ್ದ. ಬಾಟಲಿಗಳು ಒಂದರ ಮೇಲೊಂದು ಬಿದ್ದು ಸಾಲೆಲ್ಲ ಒಡೆಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಫೋರ್‌ಮನ್ ಅವತ್ತೇ ಕಳಿಸಿಬಿಡಿ ಎಂದು ಕೂಗಾಡಿದ. ಆ ಹೆಂಗಸು, ಆಗಿನ್ನೂ ಚಿಕ್ಕ ವಯಸ್ಸಿನವಳು, ಅಡ್ಡ ನಿಂತಳು. ಆರೋಪ ಏನೆಂದು ಬರೆದು ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು, ಅವರ ಮಾತು ಕೇಳದೆ ಯಾರನ್ನೂ ಕಳಿಸುವಂತಿಲ್ಲ, ದೂರು ಕೊಟ್ಟವರೇ ತೀರ್ಪು ಕೊಡುವಂತಿಲ್ಲ ಎಂದಳು. ವಿಚಾರಣೆಗೆ ಬೇರೆ ವಿಭಾಗದ ಅಧಿಕಾರಿಯನ್ನು ಕೂರಿಸಿದಳು. ಅಣ್ಣನ ಪಕ್ಕದಲ್ಲಿ ಅವನಿಗೆ ಬೇಕಾದ ಜೊತೆಗಾರನನ್ನು ಕೂರಿಸಿದಳು. ಗೇಟಿನ ಹಾಜರಿ ತೆಗೆಸಿ, ಕಾನೂನು ಒಪ್ಪುವ ಅವಧಿ ಎಷ್ಟು, ಇವನು ದುಡಿದದ್ದು ಎಷ್ಟು ಎಂದು ತೋರಿಸಿದಳು. ನಿದ್ದೆ ಮಾಡಿದ್ದು ನಿಜ, ಅದಕ್ಕೆ ಹೊಣೆ ಇವನಲ್ಲ ಎಂದು ತೀರ್ಮಾನವಾಯಿತು.

“ಮತ್ತೆ ಯಾಕೆ ಬಿಟ್ಟೆ?”

“ಹೆದ್ರಿಕೆ ಆಯ್ತು, ಪುಟ್ಟಿ. ಮತ್ತೆ ಅಲ್ಲಿ ನಿಂತ್ರೆ ಮತ್ತೆ ಕಣ್ಣು ಮುಚ್ಚುತ್ತೆ ಅನ್ನಿಸ್ತು. ಆಕೆ ಮನೆ ಬೀದಿ ತನಕ ಬಂದು, ರಾಜೀನಾಮೆ ವಾಪಸ್ ತಗೊಳ್ಳಿ, ಬೇರೆ ವಿಭಾಗಕ್ಕೆ ಹಾಕಿಸ್ತೀನಿ ಅಂದ್ರು. ನಾನು ಒಪ್ಪಲಿಲ್ಲ. ನಾನು ಬಿಟ್ಟ ವಿಷಯ ಯಾರಿಗೂ ಹೇಳ್ಬೇಡಿ ಅಂತ ಮಾತು ತಗೊಂಡೆ.”

ನನಗೆ ಸಿಟ್ಟು ನೆತ್ತಿಗೇರಿತು. ಅಮ್ಮ ಅವಳಿಗೆ ಅಷ್ಟು ವರ್ಷ ಶಾಪ ಹಾಕುವಾಗ ಸುಮ್ಮನೆ ಊಟ ಮಾಡುತ್ತಾ ಕೂತಿದ್ದೆಯಲ್ಲ ಎಂದು ಕೇಳಿದೆ. ಅವನು ತಲೆ ಎತ್ತಲಿಲ್ಲ.

“ಕೆಲಸದಲ್ಲಿ ನಿದ್ದೆ ಮಾಡ್ದೆ ಅಂತ ಅಮ್ಮನಿಗೆ ಹೇಳೋದು ಹೇಗೆ? ಇನ್ನೊಬ್ರ ಮೇಲೆ ಹಾಕೋದು ಸುಲಭ ಆಯ್ತು.”

ಬೈಯಬೇಕೆಂದು ಬಾಯಿ ತೆರೆದವಳು ಅವನ ಕಣ್ಣು ನೋಡಿದೆ. ಕೆಂಪಗಿದ್ದವು, ಬಹಳ ದಣಿದಿದ್ದವು. ಅದು ಬೆಂಕಿಯ ಕೆಂಪಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ನನ್ನ ಅಣ್ಣ ಇಷ್ಟು ವರ್ಷ ತನ್ನ ಪಾಳಿಯನ್ನು ಮುಗಿಸಿಯೇ ಇರಲಿಲ್ಲ. ನನಗೆ ಅಳು ಬಂತು. ಅವನು ಗಾಬರಿಯಾಗಿ ಅಂಗಡಿಯ ಬಾಗಿಲು ಅರ್ಧ ಎಳೆದ.

ಮನೆಗೆ ನಡೆಯುವಾಗ ಇನ್ನೊಂದು ಇಕ್ಕಟ್ಟು ಎದುರಾಯಿತು. ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಹಾಕೋಣ ಎಂದು ಮನಸ್ಸು ಕುಣಿಯುತ್ತಿತ್ತು. ಆದರೆ ಅಣ್ಣ ಹೇಳಿದ ಒಂದಕ್ಷರವೂ ಆ ಅರ್ಜಿಯಲ್ಲಿಲ್ಲ. ಹಳದಿಯವರ ಪರವಾಗಿ, ಹಸಿರಿನವರ ಪರವಾಗಿ ಮಾತನಾಡಲು ಊರಲ್ಲಿ ಯಾರ ಅಣ್ಣನೂ ಇಲ್ಲ. ದ್ವೇಷದಿಂದ ಹಾಕಿದ ಸೊನ್ನೆ ಎಷ್ಟು ತಪ್ಪೋ ಋಣದಿಂದ ಹಾಕುವ ಅಂಕವೂ ಅಷ್ಟೇ ತಪ್ಪು.

ಬೆಳಗ್ಗೆ ದಶಾಂಶ ಸರ್‌ಗೆ ನನ್ನ ಹಾಳೆಗಳನ್ನೆಲ್ಲ ಕೊಟ್ಟುಬಿಟ್ಟೆ. ಒಂದು ಅರ್ಜಿಯಲ್ಲಿ ನಮ್ಮ ಮನೆಯವರೊಬ್ಬರ ವಿಷಯ ಇದೆ, ಈ ಹುದ್ದೆಯ ಆಯ್ಕೆಯಲ್ಲಿ ನಾನು ಇರುವಂತಿಲ್ಲ, ಎಲ್ಲರ ಸಂದರ್ಶನದಿಂದಲೂ ಹೊರಗಿರುತ್ತೇನೆ ಎಂದೆ. ಯಾವ ಅರ್ಜಿ, ಏನು ವಿಷಯ ಎಂದು ಅವರು ಕೆದಕಲಿಲ್ಲ. ಕಾರಣವಿಲ್ಲದ ಸೊನ್ನೆಯನ್ನು ಒಮ್ಮೆ ನೋಡಿ, ಇದೇ ಇರಬೇಕು ಎಂದು ತಲೆಯಾಡಿಸಿದರು ಅಷ್ಟೇ. ನನ್ನ ಜಾಗಕ್ಕೆ ಹೊಲಿಗೆ ವಿಭಾಗದ ಮೇಲ್ವಿಚಾರಕಿಯನ್ನು ಕರೆದುಕೊಂಡರು. ಆಕೆಯನ್ನು ನಾವು ದೊಡ್ಡಕ್ಕ ಎನ್ನುತ್ತೇವೆ. ಹಿಂದೆಯೂ ಆಯ್ಕೆಗೆ ಕೂತು ಪಳಗಿದವರು, ಮೂಗಿನ ತುದಿಯಲ್ಲೇ ಕೋಪ. ಅವರು ಎಲ್ಲ ಅರ್ಜಿಗಳನ್ನೂ ಹೊಸದಾಗಿ ಓದಿ, ನೀಲಿಯ ಮೂರನೆಯ ಮನೆಗೆ ದಶಾಂಶ ಸರ್‌ಗಿಂತ ಕಡಿಮೆ ಅಂಕ ಹಾಕಿದರು. ಕರೆಸಿ ಕೇಳುವಷ್ಟು ಇತ್ತು, ಅಷ್ಟೇ.

ಸಂದರ್ಶನದ ದಿನ ನಾನು ಹಾಸಿಗೆ ಕೋಣೆಯಲ್ಲಿ ಒಬ್ಬಳೇ ಕೂತು ರಜಾಪಟ್ಟಿ ನೋಡುತ್ತಿದ್ದೆ. ಪರದೆ ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು. ನನಗೆ ಎಲ್ಲವೂ ಕನಸಿನಲ್ಲಿ ನಡೆಯುತ್ತಿರುವಂತೆ, ಮಾತಾಡಬೇಕಾದ ಕಡೆ ದನಿ ಹೊರಡದಂತೆ ಇತ್ತು. ನನ್ನ ಒಂದು ಮಾತಿನಿಂದ ಅವರಿಗೆ ಕೆಲಸ ಸಿಗಬಹುದಿತ್ತು. ಆ ಮಾತನ್ನು ಆಡುವಂತಿರಲಿಲ್ಲ.

ಆಯ್ಕೆ ಮುಗಿದು, ಹಳೆಯ ಕಂಪನಿಗಳಲ್ಲಿ ವಿಚಾರಿಸಿ, ನೇಮಕದ ಆದೇಶ ಹೋದ ಮೇಲೆಯೇ ದಶಾಂಶ ಸರ್ ನನಗೆ ಒಳಗಿನ ಕಥೆ ಹೇಳಿದ್ದು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದ್ದರು: ನೀವು ಬರೆದ ಪ್ರಕರಣವನ್ನು ನೀವು ಹೇಗೆ ನಡೆಸಿದಿರಿ? ಹಳದಿಯವರು ಚೀಲದಿಂದ ಹಳೆಯ ಕಂಪನಿಯ ಎಚ್ಚರಿಕೆ ಪತ್ರಗಳ ಪ್ರತಿಗಳನ್ನೇ ತೆಗೆದು ಮೇಜಿನ ಮೇಲೆ ಹರಡಿದರು. ಜಾಹೀರಾತಿನಲ್ಲಿ ಸಾಕ್ಷ್ಯ ಕೇಳಿದ್ದೀರಲ್ಲ, ತಂದಿದ್ದೇನೆ ಎಂದರು. ಒಂದೊಂದರ ಮೇಲೂ ಕೆಲಸಗಾರರ ಹೆಸರು, ತಪ್ಪು, ಸಹಿ. ದೊಡ್ಡಕ್ಕ ಒಂದನ್ನೂ ಓದದೆ ಎಲ್ಲವನ್ನೂ ಮಗುಚಿ ಹಾಕಿದರಂತೆ. “ನಾಳೆ ನನ್ನ ಹೆಸರೂ ಹೀಗೇ ಊರೂರು ತಿರುಗುತ್ತಲ್ಲಪ್ಪ,” ಎಂದರಂತೆ. ಕೇಳಿ ನನ್ನ ಮುಖ ಬಿಸಿಯಾಯಿತು. ಆ ಪದವನ್ನು ಅಷ್ಟು ಹಠದಿಂದ ಜಾಹೀರಾತಿಗೆ ಹಾಕಿದವಳು ನಾನು.

ನೀಲಿಯವರು ಬರಿಗೈಯಲ್ಲಿ ಬಂದಿದ್ದರು. ಆರೋಪಪತ್ರ ಕೊಟ್ಟದ್ದು, ದೂರುದಾರನನ್ನು ತೀರ್ಪಿನಿಂದ ದೂರವಿಟ್ಟದ್ದು, ಹಾಜರಿ ತೆಗೆಸಿದ್ದು ಎಲ್ಲವನ್ನೂ ಕ್ರಮವಾಗಿ ಹೇಳಿದರು. ಎಡವಿದ್ದನ್ನೂ ಹೇಳಿದರು: ಪಾಳಿಪಟ್ಟಿಯನ್ನು ಮೊದಲೇ ನೋಡಬೇಕಿತ್ತು, ಅವಘಡ ಆಗುವತನಕ ನೋಡಲಿಲ್ಲ ಎಂದು. ದಂಡನೆಯಾಗದಿದ್ದರೆ ಆ ಕೆಲಸಗಾರ ಅಲ್ಲೇ ಉಳಿದರೇ ಎಂದು ದಶಾಂಶ ಸರ್ ಬಿಡದೆ ಕೇಳಿದರು.

“ಅದನ್ನ ಹೇಳ್ಬೇಕಾದವ್ರು ಅವ್ರು, ನಾನಲ್ಲ,” ಎಂದರಂತೆ. ಅದರಿಂದ ನನಗೆ ಅಂಕ ಕಡಿಮೆಯಾದರೂ ಸರಿ ಎಂದೂ ಸೇರಿಸಿದರಂತೆ. ದೊಡ್ಡಕ್ಕ ಆ ಮಾತನ್ನೇ ಕಾರಣವಾಗಿ ಬರೆದು ಪೂರ್ತಿ ಅಂಕ ಹಾಕಿದರು.

ಹೀಗೆ ಅವರು ನಮ್ಮಲ್ಲಿಗೆ ಬಂದರು. ಸುಣ್ಣಬಣ್ಣ ಇನ್ನೂ ಮುಗಿದಿರಲಿಲ್ಲ, ಅವರ ಮೇಜನ್ನೂ ಹಾಸಿಗೆ ಕೋಣೆಯಲ್ಲೇ ಹಾಕಿದೆವು. ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ, ಕೂದಲು ನೆರೆತ, ಮೆತ್ತಗೆ ಮಾತಾಡುವ ಹೆಂಗಸು. ಮೊದಲ ದಿನ ನನ್ನನ್ನು ನೋಡಿ ಒಂದು ಕ್ಷಣ ಹೆಚ್ಚೇ ದಿಟ್ಟಿಸಿದರು. ನನಗೂ ಅಣ್ಣನಿಗೂ ಒಂದೇ ಮೂಗು, ಒಂದೇ ಹುಬ್ಬು. ಆದರೆ ಅವರು ಕೇಳಿದ್ದು, ಇಲ್ಲಿ ಪಾಳಿ ಬದಲಾಗುವುದು ಹೇಗೆ, ವಾರದ ರಜೆ ತಪ್ಪಿದವರ ಪಟ್ಟಿ ಎಲ್ಲಿದೆ ಎಂದು. ಕೊಟ್ಟೆ.

ಅವರ ಮೊದಲ ಬೇಡಿಕೆ, ಕೆಲಸಗಾರರ ಫೈಲುಗಳಿರುವ ಬೀರುವಿಗೆ ಸರಿಯಾದ ಬೀಗ. ಹಳೆಯದು ಹೇರ್‌ಪಿನ್ನಿಗೂ ತೆರೆಯುತ್ತಿತ್ತು. ನಾನು ಅಣ್ಣನಿಗೆ ಫೋನ್ ಮಾಡಿದೆ. ಕರೆಯುವಾಗ, ಬೀಗ ಬೇಕಾಗಿರುವುದು ಯಾರಿಗೆ ಎಂದೂ ಹೇಳಿದೆ, ಈಗ ಹೇಳಬಹುದಿತ್ತು. ಬರುವುದಿಲ್ಲ ಎನ್ನುತ್ತಾನೆ ಎಂದುಕೊಂಡೆ, ಬಂದ.

ನಾನು ಮೀಟಿಂಗಿನಲ್ಲಿದ್ದೆ. ಅವರಿಬ್ಬರು ಏನು ಮಾತಾಡಿಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ, ಇಬ್ಬರೂ ಹೇಳುವುದಿಲ್ಲ. ನಾನು ಹಾಸಿಗೆ ಕೋಣೆಗೆ ಬರುವಷ್ಟರಲ್ಲಿ ಬೀರುವಿಗೆ ಹೊಸ ಬೀಗ ಬಿದ್ದಿತ್ತು. ಅಣ್ಣನ ಸಲಕರಣೆಯ ಚೀಲ ನೆಲದ ಮೇಲಿತ್ತು. ಕಿಟಕಿಯ ಪಕ್ಕದ ಹಾಸಿಗೆಯ ಮೇಲೆ, ಹಗಲಲ್ಲಿ, ಹೋಗಿಬರುವವರ ಕಣ್ಣೆದುರಿಗೇ, ನನ್ನ ಅಣ್ಣ ಬಾಯಿ ತೆರೆದು ನಿದ್ದೆ ಹೋಗಿದ್ದ. ಹತ್ತಿಯ ಎಳೆಯೊಂದು ಅವನ ಹುಬ್ಬಿನ ಮೇಲೆ ಕೂತು ಉಸಿರಿನ ಜೊತೆ ಅಲುಗಾಡುತ್ತಿತ್ತು. ಆಕೆ ತಮ್ಮ ಮೇಜಿನಲ್ಲಿ ಕೂತು ಏನೋ ಬರೆಯುತ್ತಿದ್ದರು.

ನನ್ನ ಹಿಂದೆಯೇ ಬಂದ ದಶಾಂಶ ಸರ್, ಇದ್ಯಾರು ಇಲ್ಲಿ ಎಂದು ಎಬ್ಬಿಸಲು ಹೊರಟರು. ಆಕೆ ತಲೆ ಎತ್ತಿ ಬೆರಳನ್ನು ತುಟಿಗಿಟ್ಟರು.

“ಮಲಗ್ಲಿ ಬಿಡಿ ಸರ್,” ಎಂದರು. “ಅವ್ರ ಪಾಳಿ ಮುಗೀತು.”

ನಾನು ಹೋಗಿ ಕಿಟಕಿಯ ಪರದೆ ಎಳೆದೆ.